ಇಬ್ಬರಿಗೂ ಒಂದೇ ಪತ್ರ

ಶಾಲೆಯ ಕೆಲಸವನ್ನು ಬಿಟ್ಟ ಮೇಲೆ ನಾನು ಮಾಡಿದ ಮೊದಲ ದೊಡ್ಡ ತಪ್ಪು ಎರಡು ಪತ್ರಗಳಲ್ಲಿತ್ತು. ಬೇರೆ ಬೇರೆಯಾಗಿ ಓದಿದರೆ ಆ ಎರಡರಲ್ಲೂ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಅಕ್ಕಪಕ್ಕ ಇಟ್ಟು ಓದಿದ ದಿನ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಇಪ್ಪತ್ತೈದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ ಬಿಡುಗಡೆ ಪಡೆದು, ಬೆಳಗಾವಿಯ ಒಂದು ಚಿಕ್ಕ ಮಧ್ಯಸ್ಥಿಕೆ ಕೇಂದ್ರದಲ್ಲಿ ಬರವಣಿಗೆಯ ಕೆಲಸಕ್ಕೆ ಸೇರಿಕೊಂಡಿದ್ದೆ. ಕೇಂದ್ರವೆಂದರೆ ಎರಡು ಕೋಣೆ, ಒಂದು ದುಂಡು ಮೇಜು, ವಕೀಲಿ ವೃತ್ತಿಯಿಂದ ಹಿಂದೆ ಸರಿದು ಮಧ್ಯಸ್ಥರಾಗಿ ತರಬೇತಿ ಪಡೆದ ಒಬ್ಬ ಹಿರಿಯರು. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಎರಡು ಕಡೆಯವರನ್ನು ಎದುರುಬದುರು ಕೂರಿಸಿ, ಅವರೇ ಒಂದು ಒಪ್ಪಂದಕ್ಕೆ ಬರುವಂತೆ ಮಾತಿಗೆ ಎಡೆ ಮಾಡಿಕೊಡುವುದು ಅವರ ಕೆಲಸ. ಇಬ್ಬರನ್ನೂ ಆ ಸಭೆಗೆ ಕರೆಯುವ ಪತ್ರ ಬರೆಯುವುದು ನನ್ನದು. ನಾನು ಬರೆದದ್ದನ್ನು ಅವರು ಓದಿ ಸಹಿ ಮಾಡುತ್ತಿದ್ದರು. ಸದಾಶಿವನಗರದ ನನ್ನ ಮನೆಯಿಂದ ಅಲ್ಲಿಗೆ ನಡೆದೇ ಹೋಗುತ್ತಿದ್ದೆ.

ಆ ವರ್ಷ ಮುಂಗಾರು ಶುರುವಾದ ಹೊಸತರಲ್ಲಿ, ಖಾನಾಪುರದಿಂದ ಲೋಂಡಾ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಿಂದ, ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ತಲೆತಲಾಂತರದಿಂದ ಎಮ್ಮೆ ಸಾಕಿದ ಮನೆತನ. ಗಂಡ ತೀರಿಕೊಂಡಿದ್ದರು, ಮಗ ಗೋವಾದಲ್ಲಿ ಕೆಲಸಕ್ಕಿದ್ದ. ಒಂಬತ್ತು ಎಮ್ಮೆಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವುಗಳನ್ನು ದಿನಾ ಹಳ್ಳಕ್ಕೆ ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದ ಜಾಗಕ್ಕೆ ಪಕ್ಕದ ಹೊಲದ ರೈತ ತಂತಿಬೇಲಿ ಹಾಕಿದ್ದ. ಈಗ ಎಮ್ಮೆಗಳು ದೊಡ್ಡ ರಸ್ತೆಯನ್ನು ಸುತ್ತಿ ಹೋಗಬೇಕಿತ್ತು. ಹಿಂದಿನ ವಾರವಷ್ಟೇ ಒಂದು ಕರು ಟ್ರಕ್ಕಿಗೆ ಸಿಕ್ಕಿ ಕಾಲು ಮುರಿದುಕೊಂಡಿತ್ತು. ಹೀಗೇ ಆದರೆ ಎಮ್ಮೆಗಳನ್ನು ಬೇರೆಯವರಿಗೆ ಕೊಟ್ಟು ಗೋವಾಕ್ಕೆ ಮಗನ ಕೋಣೆ ಸೇರುವುದೊಂದೇ ದಾರಿ ಎಂದು ಅವರು ಹೇಳಿದಾಗ ಧ್ವನಿಯೇನೂ ನಡುಗಲಿಲ್ಲ. ಆದರೆ ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು.

"ಆ ದಾರಿ ನಿಮ್ಮದಂತ ಕಾಗದಾ ಏನರ ಅದ ಏನ್ರಿ?" ಎಂದು ಕೇಳಿದೆ.

"ದಾರಿ ನನ್ನದಲ್ಲರಿ ಅಕ್ಕೋರ, ಎಮ್ಮಿದು. ನಮ್ಮ ಅತ್ತಿ ಕಾಲದಿಂದ ಅವಕ್ಕ ಗೊತ್ತದ. ನಾ ಮನ್ಯಾಗ ಮಲಗಿದ್ರೂ ಅವ ತಾವ ಹೋಗತಾವ. ಎಮ್ಮಿ ಕಾಗದಾ ಇಟಗೊಂಡು ತಿರಗತಾವೇನ್ರಿ?"

ರೈತನ ಮಾತೂ ಪೊಳ್ಳಾಗಿರಲಿಲ್ಲವೆಂದು ಮುಂದೆ ತಿಳಿಯಿತು. ಅವನು ನಲವತ್ತು ದಾಟಿದವನು. ಬಿತ್ತಿದ ಭತ್ತ ಆಗಷ್ಟೇ ಮೊಳೆತು ಬೆರಳುದ್ದ ಎದ್ದಿತ್ತು. ಹಿಂದಿನ ವರ್ಷ ಅದೇ ಹೊತ್ತಿಗೆ ಒಂಬತ್ತು ಎಮ್ಮೆ ಒಂದು ಮೂಲೆಯನ್ನು ಪೂರಾ ತುಳಿದು ಹಾಕಿದ್ದವು. ಆ ಹೆಂಗಸು ಅದನ್ನು ದಾರಿ ಎನ್ನುತ್ತಿದ್ದರು, ಅವನು ನನ್ನ ಬದು ಎನ್ನುತ್ತಿದ್ದ.

ಗುರುವಾರ ಆ ಹೆಂಗಸಿಗೆ ಪತ್ರ ಬರೆದೆ, ಅಂದೇ ಸಹಿಯಾಗಿ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ರೈತನ ವಿಳಾಸ ಖಚಿತವಾಗಿರಲಿಲ್ಲ. ಅವನ ಪತ್ರವನ್ನು ಶುಕ್ರವಾರ ಬರೆದೆ. ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದುವಾಗ ಒಂದೇ ಪದ ಒಂದೇ ಪುಟದಲ್ಲಿ ಎರಡು ಸಲ ಬಂದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಪದಸಂಪತ್ತಿಲ್ಲದವರು ಮಾತ್ರ ಹೇಳಿದ್ದನ್ನೇ ಹೇಳುತ್ತಾರೆ ಎಂಬುದು ನನ್ನ ತರಗತಿಯ ಕಟ್ಟಳೆ. ಆ ಕೈಗೆ ನಿನ್ನೆ ಬರೆದ ವಾಕ್ಯವನ್ನೇ ಇಂದು ಮತ್ತೆ ಬರೆಯುವುದು ಒಗ್ಗಲಿಲ್ಲ. ಹಾಗಾಗಿ ಬೇರೆ ಮಾತಿನಲ್ಲಿ, ಅಷ್ಟೇ ಸೊಗಸಾಗಿ ಬರೆದೆ. ಮಧ್ಯಸ್ಥರು ಗುರುವಾರ ಒಂದಕ್ಕೆ, ಶುಕ್ರವಾರ ಇನ್ನೊಂದಕ್ಕೆ ಸಹಿ ಮಾಡಿದರು. ಎರಡನ್ನೂ ಒಟ್ಟಿಗೆ ನೋಡಿದವರು ಕೇಂದ್ರದಲ್ಲಿ ಯಾರೂ ಇರಲಿಲ್ಲ.

ಮುಂದಿನ ಬುಧವಾರ ಬೆಳಿಗ್ಗೆ ರೈತನ ಫೋನ್ ಬಂತು.

"ಪತ್ರಾ ಬರದವರು ನೀವ ಏನ್ರಿ?"

"ಹೌದು, ನಾನೇ."

"ಅಕ್ಷರ ಭಾಳ ಛಲೋ ಅದ ಬಿಡ್ರಿ. ಆದ್ರ ನಾವು ಬರಂಗಿಲ್ಲ."

ಏಕೆಂದು ಕೇಳಿದೆ. ಅವನು ಸಿಟ್ಟಿನಲ್ಲಿರಲಿಲ್ಲ, ನಗುತ್ತಿದ್ದ. ನನಗೆ ಅದೇ ಹೆಚ್ಚು ಚುಚ್ಚಿತು. ಆ ಹೆಂಗಸಿಗೆ ಓದಲು ಬರುವುದಿಲ್ಲ. ಪತ್ರವನ್ನು ಸಂಜೆ ಹಾಲು ಹಾಕಲು ಹೋದಾಗ ಹಾಲಿನ ಡೈರಿಗೆ ಒಯ್ದು, ಅಲ್ಲಿ ಹಾಲು ಅಳೆಯುವವನಿಂದ ಓದಿಸಿಕೊಂಡಿದ್ದರು. ಸಾಲಿನಲ್ಲಿ ರೈತನೂ ಕ್ಯಾನ್ ಹಿಡಿದು ನಿಂತಿದ್ದ. ತನ್ನದು ಬಂದ ದಿನ ಅವನೂ ಅದನ್ನು ಅಲ್ಲಿಗೇ ತಂದಿದ್ದ. ಹಾಲಿನ ಸಾಲಿನಲ್ಲಿದ್ದವರೆಲ್ಲ ಎರಡನ್ನೂ ಕೇಳಿದ್ದರು. ಆ ಹೆಂಗಸನ್ನು ಅವನು ಮರಾಠಿಯ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ.

"ಮಾವಶಿಗೆ 'ದಯಮಾಡಿ ಆಗಮಿಸಬೇಕು' ಅಂತೀರಿ. ನಮಗ 'ತಪ್ಪದೆ ಹಾಜರಿರಬೇಕು' ಅಂತೀರಿ. ಅಕಿದು ಅಹವಾಲು, ನಂದು ಸಮಜಾಯಿಷಿ. ಸಮಜಾಯಿಷಿ ಯಾರು ಕೊಡತಾರ್ರಿ? ತಪ್ಪು ಮಾಡಿದವ್ರು. ಡೈರ್ಯಾಗ ಎಲ್ಲಾರೂ ಅದನ್ನ ಕೇಳಿ ಹಲ್ಲು ಕಿಸಿದ್ರು. ನ್ಯಾಯಾ ಮೊದಲ ಮುಗದದ, ಇನ್ನ ಚಹಾ ಕುಡಿಯಾಕ ನಾ ಬೆಳಗಾವಿಗೆ ಯಾಕ ಬರ್ಲಿ?"

"ಅದು ಹಾಗಲ್ಲ..."

"ಸೋಮವಾರ ಕೋರ್ಟಿಗೆ ಹೋಗತೇವ್ರಿ. ನಮ್ಮ ತಮ್ಮ ಬೆಳಗಾವ್ಯಾಗ ವಕೀಲ್ರನ್ನ ನೋಡ್ಯಾನ. ಆ ಕಡೆ ಎಮ್ಮಿ ಕಾಲಿಡಬಾರದು ಅಂತ ತಡೆಯಾಜ್ಞೆ ತರತೇವಿ. ಫೋನ್ ಇಡಲೇನ್ರಿ?"

ಫೋನ್ ಇಟ್ಟು ಕಡತದಿಂದ ಎರಡೂ ನಕಲುಗಳನ್ನು ತೆಗೆದು ದುಂಡು ಮೇಜಿನ ಮೇಲೆ ಹರಡಿದೆ. ಒಂದರಲ್ಲಿ "ದಾರಿಯ ಕುರಿತ ಭಿನ್ನಾಭಿಪ್ರಾಯ", ಇನ್ನೊಂದರಲ್ಲಿ "ದಾರಿ ಮುಚ್ಚಿರುವ ಕುರಿತ ತಕರಾರು". ಒಂದರಲ್ಲಿ "ವಿನಂತಿಸುತ್ತೇವೆ", ಇನ್ನೊಂದರಲ್ಲಿ "ತಿಳಿಸಲಾಗಿದೆ". ಎರಡರಲ್ಲೂ "ದಾರಿ" ಎಂದೇ ಇತ್ತು. ಅದು ದಾರಿಯೋ ಅಲ್ಲವೋ ಎಂಬುದೇ ಜಗಳವಾಗಿರುವಾಗ ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಮೊದಲು ಬಂದು ದೂರು ಹೇಳಿಕೊಂಡವರ ಬಾಯಿಂದ ಕೇಳಿದ ಮಾತು ನನ್ನ ಲೇಖನಿಗೆ ಹಾಗೆಯೇ ಅಂಟಿಕೊಂಡಿತ್ತು.

ಕಿಟಕಿಯ ತನಕ ಹೋದೆ, ಬಂದೆ, ಮತ್ತೆ ಹೋದೆ. ಅವನಿಗೆ ಈಗಲೇ ಫೋನ್ ಮಾಡಿ ವಿವರಿಸೋಣವೆಂದು ಎರಡು ಸಲ ಕೈ ಚಾಚಿದೆ. ಅಷ್ಟರಲ್ಲಿ ಮಧ್ಯಸ್ಥರು ಬಂದರು. ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಏರಿಸಿ ಎರಡು ಪತ್ರಗಳನ್ನೂ ಓದಿ, ತಮ್ಮ ಎರಡು ಸಹಿಗಳನ್ನೂ ನೋಡಿದರು.

"ಫೋನ್ ಮಾಡಬ್ಯಾಡ್ರಿ. ಅವಗ ಒಬ್ಬಗ ಸಮಾಧಾನ ಹೇಳಿದ್ರ ನಾಳೆ ಆ ಹೆಣ್ಮಗಳು 'ನನಗ ಯಾಕ ಫೋನ್ ಬರಲಿಲ್ಲ' ಅಂತಾಳ. ಆಮ್ಯಾಲೆ ಅಕಿಗೆ ಮಾಡತೀರಿ. ಇಬ್ಬರ ಕೂಡ ಆಡಿದ ಮಾತು ಮತ್ತ ಬ್ಯಾರೆ ಬ್ಯಾರೆ ಆಗತಾವ."

"ಹಾಗಾದರೆ?"

"ಒಂದ ಪತ್ರ. ಇಬ್ಬರ ಹೆಸರೂ ಅದರಾಗ. ಎರಡು ಪ್ರತಿ, ಒಂದ ದಿನ, ಒಂದ ಹೊತ್ತು. ಮತ್ತ ಅಕ್ಕೋರ, ಸಾಹಿತ್ಯ ಬ್ಯಾಡ."

ಮರುದಿನ ಗುರುವಾರವಿಡೀ ಒಂದು ಪುಟವನ್ನು ಬರೆದೆ. ಅಷ್ಟು ಕಷ್ಟಪಟ್ಟು ನಾನು ಯಾವ ಪರೀಕ್ಷೆಯನ್ನೂ ಬರೆದಿಲ್ಲ. ದಾರಿ ಎನ್ನುವಂತಿಲ್ಲ, ಬದು ಎನ್ನುವಂತಿಲ್ಲ. ಕಡೆಗೆ "ಹಳ್ಳದ ಕಡೆಗಿರುವ ಜಾಗ" ಎಂದು ಬರೆದೆ. "ಬೇಲಿ ಹಾಕಿದ್ದು" ಎಂದರೆ ಅವನ ಮೇಲೆ ಬೆರಳು, "ಪೈರು ತುಳಿದದ್ದು" ಎಂದರೆ ಇವರ ಮೇಲೆ. "ದನಗಳ ಓಡಾಟ ಮತ್ತು ಬೆಳೆಯ ರಕ್ಷಣೆ" ಎಂದು ಬರೆದು ಮಧ್ಯಸ್ಥರಿಗೆ ತೋರಿಸಿದೆ.

"ಅಕಿ ವಿಷಯ ಮೊದಲ ಬಂತು," ಎಂದರು.

"ಯಾವುದಾದರೂ ಒಂದು ಮೊದಲು ಬರಲೇಬೇಕಲ್ಲ?"

"ಹಂಗಾದ್ರ ಹೆಸರು ಬರಿಯೂವಾಗ ಅವಂದು ಮೊದಲ ಬರ್ಲಿ. ಅಕ್ಷರಾನುಕ್ರಮದಾಗ ಹೆಂಗ ಬರತದ?"

ಅದೃಷ್ಟವಶಾತ್ ಅಕ್ಷರಾನುಕ್ರಮದಲ್ಲಿ ಅವನ ಹೆಸರೇ ಮೊದಲು ಬರುತ್ತಿತ್ತು. "ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಬರೆಯಲಾಗಿದೆ" ಎಂದು ಕೆಳಗೆ ಸೇರಿಸಿದೆ. ಸಭೆಯ ಸ್ಥಳದಲ್ಲೂ ಒಂದು ಎಡವಟ್ಟಿತ್ತು. ಬೆಳಗಾವಿಯಲ್ಲಿ ರೈತನ ತಮ್ಮನ ಮನೆಯಿದೆ, ಆ ಹೆಂಗಸಿಗೆ ಇಲ್ಲಿ ಯಾರೂ ಇಲ್ಲ. ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ವಾಚನಾಲಯದ ಮೇಲಿನ ಕೋಣೆಯನ್ನು ಗೊತ್ತು ಮಾಡಿದೆವು. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಬರುವಂತೆ ಮುಂದಿನ ಬುಧವಾರ ಹನ್ನೊಂದು ಗಂಟೆಯನ್ನು ಇಟ್ಟೆವು. ಆ ಹಳ್ಳಿಗಳಲ್ಲಿ ಮರಾಠಿಯೂ ಮನೆಮಾತಾದ್ದರಿಂದ ಎಡಗಡೆ ಕನ್ನಡ, ಬಲಗಡೆ ಮರಾಠಿ, ಎರಡೂ ಹಾಳೆಯ ಒಂದೇ ಮಗ್ಗುಲಲ್ಲಿ. ಮರಾಠಿಯನ್ನು ಮಾಡಿಕೊಟ್ಟ ನನ್ನ ನೆರೆಮನೆಯ ನಿವೃತ್ತ ಶಿಕ್ಷಕಿಗೆ, ಕನ್ನಡದಲ್ಲಿ ಒಂದು ಪದ ಮರುಕಳಿಸಿದ ಕಡೆಯಲ್ಲೆಲ್ಲ ಮರಾಠಿಯಲ್ಲೂ ಅದೇ ಪದ ಮರುಕಳಿಸಲಿ ಎಂದು ಮೂರು ಸಲ ಹೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು.

ಪತ್ರದ ನಡುಭಾಗ ಹೀಗಿತ್ತು:

"ಹಳ್ಳದ ಕಡೆಗಿರುವ ಜಾಗದಲ್ಲಿ ದನಗಳ ಓಡಾಟ ಮತ್ತು ಬೆಳೆಯ ರಕ್ಷಣೆ, ಈ ಎರಡು ವಿಷಯಗಳ ಬಗ್ಗೆ ಮಾತನಾಡಲು ಬರಬೇಕೆಂದು ನಿಮ್ಮಿಬ್ಬರನ್ನೂ ವಿನಂತಿಸುತ್ತೇವೆ. ಬರುವುದು ಬಾರದಿರುವುದು ನಿಮ್ಮಿಬ್ಬರ ಇಚ್ಛೆಗೆ ಬಿಟ್ಟದ್ದು. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ, ಯಾರದು ಸರಿ ಯಾರದು ತಪ್ಪು ಎಂದು ಹೇಳುವುದಿಲ್ಲ. ನಿಮ್ಮಿಬ್ಬರ ಮಾತನ್ನೂ ಪೂರ್ತಿಯಾಗಿ ಕೇಳುತ್ತಾರೆ. ನೀವಿಬ್ಬರೂ ಜೊತೆಗೆ ಒಬ್ಬೊಬ್ಬರನ್ನು ಕರೆತರಬಹುದು. ಅಲ್ಲಿ ಆಡಿದ ಮಾತನ್ನು ಮುಂದೆ ಕೋರ್ಟಿನಲ್ಲಿ ಬಳಸುವಂತಿಲ್ಲ. ಒಪ್ಪಂದವಾಗದಿದ್ದರೆ ಕೋರ್ಟಿಗೆ ಹೋಗಲು ನಿಮ್ಮಿಬ್ಬರಿಗೂ ಅಡ್ಡಿಯಿಲ್ಲ."

ಇದರ ಕೆಳಗೆ ಇನ್ನೊಂದು ಸಾಲನ್ನು ನಾನಾಗಿಯೇ ಸೇರಿಸಿದ್ದೆ: "ಈ ಮೊದಲು ಕಳುಹಿಸಿದ ಎರಡು ಪತ್ರಗಳ ಮಾತು ಸಮನಾಗಿರಲಿಲ್ಲ. ಅದು ಪತ್ರ ಬರೆದವರ ತಪ್ಪು, ಕೇಂದ್ರದ ಅಭಿಪ್ರಾಯವಲ್ಲ. ಆ ಎರಡನ್ನೂ ಹಿಂತೆಗೆದುಕೊಂಡಿದ್ದೇವೆ." ಮಧ್ಯಸ್ಥರು ಆ ಸಾಲಿನ ಮೇಲೆ ಬಹಳ ಹೊತ್ತು ಲೇಖನಿ ಹಿಡಿದು ಕೂತರು. ಹೊಡೆದು ಹಾಕುತ್ತಾರೆಂದುಕೊಂಡೆ. "ಬರೆದವರ" ಎಂಬಲ್ಲಿ "ಬರೆದವರ ಮತ್ತು ಸಹಿ ಮಾಡಿದವರ" ಎಂದು ತಿದ್ದಿ ಸಹಿ ಮಾಡಿದರು.

ಅಂಚೆಗೆ ಹಾಕಿದರೆ ಸೋಮವಾರದೊಳಗೆ ತಲುಪುವ ಭರವಸೆಯಿರಲಿಲ್ಲ. ಕೈಯಾರೆ ಕೊಡಬೇಕು. ಆದರೆ ಯಾರ ಮನೆಗೆ ಮೊದಲು?

"ಯಾರ ಮನಿಗೂ ಹೋಗಬ್ಯಾಡ್ರಿ," ಎಂದರು ಮಧ್ಯಸ್ಥರು. "ಡೈರಿಗೆ ಇಬ್ಬರೂ ಬರತಾರಲ್ಲ, ಅಲ್ಲೆ ಕೊಡ್ರಿ. ಲಕೋಟೆ ಮುಚ್ಚಿರ್ಲಿ. ನೀವು ಓದಿ ಹೇಳಬ್ಯಾಡ್ರಿ. ಚಹಾ ಅಂದ್ರ ಒಲ್ಲೆ ಅನ್ರಿ."

ಶುಕ್ರವಾರ ಮಧ್ಯಾಹ್ನದ ರೈಲು ಹಿಡಿದೆ. ಸೀಟು ಸಿಕ್ಕಿದರೂ ಬಾಗಿಲ ಬಳಿಯೇ ನಿಂತಿದ್ದೆ. ದೇಸೂರಿನಲ್ಲಿ ಗಾಡಿ ಎದುರಿನ ಗಾಡಿಗಾಗಿ ನಿಂತುಬಿಟ್ಟಿತು. ಇಳಿದು ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು, ಸಿಗ್ನಲ್ ನೋಡಿ, ಹಿಂದಿರುಗಿ, ಚೀಲದಲ್ಲಿ ಲಕೋಟೆಗಳಿವೆಯೇ ಎಂದು ಮುಟ್ಟಿ ನೋಡಿದೆ. ಬೇರೆ ಬೇರೆ ಬಗೆಯ ಲಕೋಟೆಗಳಲ್ಲವಲ್ಲ ಎಂದು ಇನ್ನೊಮ್ಮೆ ತೆಗೆದು ನೋಡಿದೆ. ಒಂದರ ಮೂಲೆ ಸ್ವಲ್ಪ ಮಡಚಿತ್ತು. ಅದನ್ನು ಉಗುರಿನಿಂದ ತೀಡಿ ಸರಿಮಾಡುತ್ತಿದ್ದಾಗ ಗಾಡಿ ಹೊರಟಿತು. ಖಾನಾಪುರದಲ್ಲಿಳಿದು ಟೆಂಪೋ ಹಿಡಿದೆ. ಹಳ್ಳಿ ಮುಟ್ಟುವಾಗ ಐದೂವರೆ.

ಡೈರಿಯೆಂದರೆ ತಗಡಿನ ಒಂದು ಮಾಡು, ಅಳೆಯುವ ಯಂತ್ರ, ಹತ್ತಾರು ಜನರ ಸಾಲು. ಫೋನಿನಲ್ಲಿ ಕೇಳಿದ ನಗುವಿನಿಂದಲೇ ರೈತನನ್ನು ಗುರುತು ಹಿಡಿದೆ, ಸಾಲಿನ ನಡುವೆ ಇದ್ದ. ಆ ಹೆಂಗಸು ಇನ್ನೂ ಬಂದಿರಲಿಲ್ಲ. ಅವನು ತನ್ನ ಹಾಲನ್ನು ಹಾಕಿ ಹೋಗಿಬಿಟ್ಟರೆ? ಅವನಿಗೆ ಮೊದಲು ಕೊಟ್ಟರೆ? ಸಾಲು ಒಬ್ಬೊಬ್ಬರಾಗಿ ಕರಗುತ್ತಿತ್ತು. ಅವನ ಮುಂದೆ ಇಬ್ಬರಷ್ಟೇ ಉಳಿದಾಗ ದೂರದಲ್ಲಿ ಅವರು ತಲೆಯ ಮೇಲೆ ಕ್ಯಾನ್ ಹೊತ್ತು ಬರುವುದು ಕಂಡಿತು. ದೊಡ್ಡ ರಸ್ತೆಯಿಂದ ಸುತ್ತಿ ಬಂದದ್ದಕ್ಕೆ ತಡವಾಗಿತ್ತು.

ಇಬ್ಬರನ್ನೂ ಮಾಡಿನ ಹಿಂದಿನ ಮರದ ಕೆಳಗೆ ಬರುವಂತೆ ಕೇಳಿಕೊಂಡೆ. ಎರಡು ಕೈಯಲ್ಲಿ ಎರಡು ಲಕೋಟೆ ಹಿಡಿದು ಒಟ್ಟಿಗೇ ಚಾಚಿದೆ.

ಅವನು ನಕ್ಕ. "ಆರತಿ ತಟ್ಟಿ ಹಿಡದಂಗ ಹಿಡದೀರಲ್ರಿ ಅಕ್ಕೋರ."

ಆ ಹೆಂಗಸು ಲಕೋಟೆ ಹರಿದು ಹಾಳೆಯನ್ನು ನನ್ನತ್ತ ನೀಡಿದರು. "ನನಗೆಲ್ಲಿ ಬರತದ್ರಿ ಓದಾಕ. ನೀವ ಓದ್ರಿ."

ನಾನು ಹಿಂದೆ ಸರಿದೆ. "ನಾನು ಓದುವಂತಿಲ್ಲ. ನಿಮಗೆ ಬೇಕಾದವರಿಂದ ಓದಿಸಿಕೊಳ್ಳಿರಿ."

"ಬೇಕಾದವ್ರು ಯಾರದಾರ ಇಲ್ಲಿ? ಡೈರ್ಯಾಂವ ಮೊನ್ನಿ ಓದಿ ಊರೆಲ್ಲಾ ಡಂಗುರ ಹೊಡದ." ಅವರು ಸುತ್ತ ನೋಡಿ, ರೈತನ ಕೈಯಲ್ಲಿ ಆಗಲೇ ಬಿಚ್ಚಿಕೊಂಡಿದ್ದ ಹಾಳೆಯನ್ನು ನೋಡಿದರು. "ತಮ್ಮಾ, ನಿಂದೂ ನಂದೂ ಒಂದ ಏನು?"

ಅವನು ಅವರ ಹಾಳೆಯನ್ನು ಇಸಿದುಕೊಂಡು ತನ್ನದರ ಪಕ್ಕ ಹಿಡಿದು, ಸಾಲು ಸಾಲಾಗಿ ಬೆರಳಿಟ್ಟು ನೋಡಿದ. ನಾನು ಬುಧವಾರ ಮೇಜಿನ ಮೇಲೆ ಮಾಡಿದ್ದನ್ನೇ ಅವನು ಇಲ್ಲಿ ನಿಂತು ಮಾಡುತ್ತಿದ್ದ. ಒಂದು ಕಡೆ ಬೆರಳು ನಿಂತಾಗ ನಾನೂ ಬಗ್ಗಿ ನೋಡಿದೆ. ಬೆರಳು ಮುಂದೆ ಹೋಯಿತು.

"ಒಂದ ಅದ ಮಾವಶಿ."

"ಹಂಗಾದ್ರ ನಿಂದ ಓದು. ನಂದೂ ಓದಿದಂಗ ಆತು."

ಅವನು ಓದಿದ, ಶಾಲೆಯ ಹುಡುಗನಂತೆ ಗಟ್ಟಿಯಾಗಿ, ಒಂದೊಂದೇ ಪದ. "ನಿಮ್ಮಿಬ್ಬರನ್ನೂ", "ನಿಮ್ಮಿಬ್ಬರ", "ನೀವಿಬ್ಬರೂ", "ನಿಮ್ಮಿಬ್ಬರಿಗೂ". ಪ್ರತಿ ಸಲ ಬಂದಾಗಲೂ ಹಳೆಯ ಅಭ್ಯಾಸಕ್ಕೆ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಅವರು ಪ್ರತಿ ಸಲವೂ ತಲೆಯಾಡಿಸುತ್ತಿದ್ದರು. ತಪ್ಪಿನ ಸಾಲಿಗೆ ಬಂದಾಗ ಅವನು ನಿಲ್ಲಿಸಿ ನನ್ನನ್ನು ನೋಡಿದ.

"ಬರದವರು ನೀವ ಅಲ್ಲೇನ್ರಿ?"

"ನಾನೇ."

"ನಮ್ಮ ಸಾಲ್ಯಾಗ ಒಬ್ಬ ಅಕ್ಕೋರು ಇದ್ರು. ಬೋರ್ಡಿನ ಮ್ಯಾಲೆ ತಪ್ಪು ಬರದ್ರೂ ನಮ್ಮ ಕಿವಿನ ಹಿಂಡತಿದ್ರು."

"ನಿನ್ನ ಕಿವಿ ಹಿಂಡಿದ್ದು ಸಾಲದು," ಎಂದರು ಮಾವಶಿ. "ಇನ್ನಷ್ಟು ಹಿಂಡಿದ್ರ ನನ್ನ ಕರುವಿನ ಕಾಲು ಉಳೀತಿತ್ತು."

"ಮತ್ತ ನನ್ನ ಪೀಕು? ಹೋದ ವರ್ಷ ನಿನ್ನ ಎಮ್ಮಿ ನನ್ನ ಭತ್ತದಾಗ ಲಗ್ನದ ಊಟಾ ಉಂಡ್ವು."

"ಕರೀಲಾರದ ಊಟಕ್ಕ ಅವೇನು ಹೋಗ್ತಿದ್ದಿಲ್ಲ. ನೀನ ಸಂದು ಬಿಟ್ಟಿದ್ದಿ."

ಧ್ವನಿ ಏರಿತು. ಹಾಲಿನ ಸಾಲಿನವರು ತಿರುಗಿ ನೋಡಿದರು. ನಡುವೆ ಬಾಯಿ ಹಾಕಲು ನನ್ನ ನಾಲಿಗೆಯ ತುದಿಗೆ ಒಂದು ವಾಕ್ಯ ಬಂದಿತ್ತು. ಅದನ್ನು ನುಂಗಿದೆ. ಯಾವ ಮಾತಾಡಿದರೂ ಅದು ಯಾರದೋ ಕಡೆಯದಾಗುತ್ತಿತ್ತು.

ಕಡೆಗೆ ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದ. "ಬುಧವಾರ ಅಂದ್ರ... ತಮ್ಮಗ ಹೇಳತೀನಿ, ಸೋಮವಾರದ್ದು ಬುಧವಾರದ ತನಕ ತಡೀಲಿ ಅಂತ. ಅಷ್ಟ ಮತ್ತ. ಬುಧವಾರ ಏನೂ ಆಗಲಿಲ್ಲಂದ್ರ ಗುರುವಾರ ಕೋರ್ಟು."

"ಆಗ್ಲಿ. ನಾನೂ ಬರತೀನಿ," ಎಂದರು ಮಾವಶಿ. "ಎಮ್ಮಿ ಯಾರ ನೋಡಬೇಕು ಅವತ್ತು?"

ಕ್ಯಾನ್ ಎತ್ತಿಕೊಂಡು ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋದರು. ಚಹಾಕ್ಕೆ ಯಾರೂ ಕರೆಯಲೂ ಇಲ್ಲ.

ವಾಚನಾಲಯದ ಮೇಲಿನ ಕೋಣೆಯಲ್ಲಿ ಬುಧವಾರ ಏನೇನು ಮಾತಾಯಿತೆಂದು ನಾನು ಹೇಳುವಂತಿಲ್ಲ, ನನಗೆ ಗೊತ್ತೂ ಇಲ್ಲ. ಬಾಗಿಲು ಮುಚ್ಚಿತ್ತು. ನಾನು ಕೆಳಗೆ ವೃತ್ತಪತ್ರಿಕೆಗಳ ಮೇಜಿಗೆ ಕೂತು, ಒಂದೇ ಪುಟವನ್ನು ತಿರುವಿ ಹಾಕುತ್ತಾ, ಮೇಲಿನ ಹಲಗೆಯ ನೆಲದ ಮೇಲೆ ಕುರ್ಚಿಗಳು ಸರಿಯುವ ಸದ್ದನ್ನು ಎಣಿಸುತ್ತಿದ್ದೆ. ಒಂದು ಸಲ ಅವನು ದಡದಡ ಇಳಿದು ಬಂದ. ಹೋಗಿಯೇಬಿಟ್ಟ ಎಂದುಕೊಂಡು ಎದ್ದು ನಿಂತೆ. ನಲ್ಲಿಯಲ್ಲಿ ನೀರು ಕುಡಿದು, ಒಂದು ತಂಬಿಗೆ ತುಂಬಿಕೊಂಡು ಮೇಲೆ ಹೋದ. ಎರಡು ಗಂಟೆಗೆ ಮಧ್ಯಸ್ಥರು ಮೆಟ್ಟಿಲ ಮೇಲಿಂದ ಬಿಳಿ ಹಾಳೆ ಬೇಕೆಂದು ಕೂಗಿದರು. ಒಪ್ಪಂದಕ್ಕೆ ಅವನು ಸಹಿ ಮಾಡಿದ, ಅವರು ಹೆಬ್ಬೆಟ್ಟು ಒತ್ತಿದರು, ಮಧ್ಯಸ್ಥರೂ ಸಹಿ ಹಾಕಿದರು.

ಮುಂದಿನ ವಾರ ಲೋಂಡಾಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯಿಂದ ಯಾರಾದರೂ ನೋಡಬಹುದಾಗಿದ್ದುದನ್ನು ನಾನೂ ನೋಡಿದೆ. ಹೊಲದ ಅಂಚಿಗೆ ಹೊಸದಾಗಿ ಎರಡನೆಯ ಸಾಲು ಗೂಟಗಳು ಬಂದಿದ್ದವು. ಎರಡು ಬೇಲಿಗಳ ನಡುವೆ ಎಮ್ಮೆಯೊಂದು ಮೈ ತಾಗದೆ ಹೋಗುವಷ್ಟು ಅಗಲ ಬಿಟ್ಟು, ತುದಿಗೆ ಬಿದಿರಿನ ಗೇಟು ಮಾಡಿದ್ದರು. ಒಂಬತ್ತು ಎಮ್ಮೆಗಳು ಒಂದರ ಹಿಂದೊಂದು ಹಳ್ಳಕ್ಕೆ ಇಳಿಯುತ್ತಿದ್ದವು. ಆಚೆ ಪೈರು ಗೇಣೆತ್ತರಕ್ಕೆ ಬಂದಿತ್ತು.

ಆದರೂ ಕೇಂದ್ರದಲ್ಲಿ ಫೋನ್ ಬಂದಾಗಲೆಲ್ಲ ನಾನು ಮೊದಲು ಆ ಕಡತಕ್ಕೆ ಕೈ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಅವನದೇ ಫೋನ್.

"ಅಕ್ಕೋರ, ಮಾವಶಿ ನಿನ್ನಿ ಮತ್ತ ಗೇಟು ತೆರದ ಬಿಟ್ಟು ಹೋಗ್ಯಾಳ. ಒಂದು ಪತ್ರಾ ಬರೀರಿ."

"ಬರೆದರೆ ನಿಮ್ಮಿಬ್ಬರಿಗೂ ಬರೆಯುತ್ತೇನೆ. ಗೇಟು ಮುಚ್ಚುವ ವಿಷಯ ಅಂತ."

"ನನಗ ಯಾಕ್ರಿ? ತೆರದಾಕಿ ಅಕಿ!"

"ನಾನು ನೋಡಿಲ್ಲವಲ್ಲ."

ಆಚೆ ಎಮ್ಮೆಯೊಂದು ಕೂಗಿದ್ದು ಹತ್ತಿರದಲ್ಲೇ ಕೇಳಿಸಿತು. ಅವನು ಫೋನಿನಿಂದ ಬಾಯಿ ತಿರುಗಿಸಿ ಯಾರನ್ನೋ ಬೈದ. ಆ ಕಡೆಯಿಂದ ಮರಾಠಿಯಲ್ಲಿ ಅಷ್ಟೇ ಜೋರಾದ ಉತ್ತರ ಬಂತು. ಧ್ವನಿ ಮಾವಶಿಯದೇ.

"ಬ್ಯಾಡ ಬಿಡ್ರಿ," ಎಂದ. "ಅಕಿ ಇಲ್ಲೇ ನಿಂತಾಳ. ನಾನ ಹೇಳತೀನಿ."